ಅಂತರಾ ಸೂಜಿ ತಗೊಂಡ ಮೇಲೆ ಮುಟ್ಟಿನ ಲೆಕ್ಕ ತಪ್ಪಿದೆಯೇ? ಮೊದಲ ಆರು ತಿಂಗಳು ಹೀಗೆ ನೋಡಿಕೊಳ್ಳಿ

ಅಂತರಾ ಸೂಜಿ ಹಾಕಿಸಿಕೊಂಡ ಎರಡು-ಮೂರು ವಾರಕ್ಕೆ ನಮ್ಮ ಕಡೆಯ ಹೆಣ್ಣುಮಕ್ಕಳು ಆಶಾ ಕಾರ್ಯಕರ್ತೆಯ ಮನೆಗೆ ಹೋಗಿ ಕೇಳುವ ಮಾತು ಬಹಳಷ್ಟು ಸಲ ಒಂದೇ ಇರುತ್ತದೆ: "ಅಕ್ಕಾ, ಮುಟ್ಟು ನಿಂತು ವಾರ ಆಗಿತ್ತು, ಮತ್ತ ಕಲೆ ಕಾಣ್ಲಿಕತ್ತದ. ಸೂಜಿ ಹೊಂದಿಲ್ಲೇನು?" ಕೇಳಿದವರಿಗೆ ಉತ್ತರ ಸಿಗುತ್ತದೆ. ಕೇಳದೆ ಸುಮ್ಮನಾದವರು ಎರಡನೇ ಸೂಜಿಗೆ ಬರುವುದೇ ಇಲ್ಲ. ಈ ಸೂಜಿಯನ್ನು ಹೆಂಗಸರು ನಡುವೆ ಬಿಡುವುದಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ರಕ್ತಸ್ರಾವದ ಈ ಬದಲಾವಣೆ. ಬಿಟ್ಟ ಮೇಲೆ ಬೇರೆ ಯಾವ ಸಾಧನವನ್ನೂ ಹಿಡಿಯದೆ ಇದ್ದವರಿಗೆ ಬೇಡದ ಬಸಿರು ನಿಲ್ಲುತ್ತದೆ. ಅದಕ್ಕೇ ಈ ಲೇಖನದಲ್ಲಿ ಹೆಚ್ಚಿನ ಮಾತು ಸೂಜಿಯ ಮೇಲೆ. ಗುಳಿಗೆ ಮತ್ತು ಪ್ಯಾಚ್ ಬಗ್ಗೆ ಕೊನೆಯಲ್ಲಿ ಬೇಕಾದಷ್ಟು ಹೇಳುತ್ತೇನೆ.

ಅಂತರಾ ಅಂದರೆ ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ ಸಿಗುವ ಮೂರು ತಿಂಗಳ ಗರ್ಭನಿರೋಧಕ ಚುಚ್ಚುಮದ್ದು. 2017ರಲ್ಲಿ ಈ ಹೆಸರಿನಿಂದ ಸರ್ಕಾರಿ ಕುಟುಂಬ ಯೋಜನೆಗೆ ಸೇರಿತು. ಒಳಗಿರುವ ಔಷಧಿ ಮೆಡ್ರಾಕ್ಸಿಪ್ರೊಜೆಸ್ಟರಾನ್. ಸ್ನಾಯುವಿಗೆ ಹಾಕುವ ಸೂಜಿಯಲ್ಲಿ 150 ಮಿಲಿಗ್ರಾಂ ಇರುತ್ತದೆ. ಇದರಲ್ಲಿ ಪ್ರೊಜೆಸ್ಟರಾನ್ ಜಾತಿಯ ಒಂದೇ ಹಾರ್ಮೋನು ಇದೆ, ಈಸ್ಟ್ರೋಜನ್ ಇಲ್ಲ. ಮುಟ್ಟಿನ ಲೆಕ್ಕ ತಪ್ಪುವುದರ ಗುಟ್ಟು ಇಲ್ಲಿಯೇ ಇದೆ.

ರಕ್ತ ಯಾಕೆ ಹೊತ್ತಲ್ಲದ ಹೊತ್ತಿಗೆ ಕಾಣುತ್ತದೆ

ಸೂಜಿ ಇಲ್ಲದಾಗ ಪ್ರತಿ ತಿಂಗಳೂ ಗರ್ಭಚೀಲದ ಒಳಪೊರೆ ಈಸ್ಟ್ರೋಜನ್ ಬಲದಿಂದ ದಪ್ಪಗಾಗುತ್ತದೆ. ತತ್ತಿ ಬಿಡುಗಡೆಯಾದ ಮೇಲೆ ಬಸಿರು ನಿಲ್ಲದಿದ್ದರೆ ಹಾರ್ಮೋನು ಇಳಿದು, ಆ ಪೊರೆ ಒಮ್ಮೆಲೇ ಕಳಚಿ ಬೀಳುತ್ತದೆ. ಅದೇ ಮುಟ್ಟು. ಸೂಜಿ ಹಾಕಿದ ಮೇಲೆ ಅಂಡಾಶಯದಿಂದ ತತ್ತಿ ಹೊರಬೀಳುವುದು ನಿಲ್ಲುತ್ತದೆ, ಈಸ್ಟ್ರೋಜನ್ ಇಳಿಯುತ್ತದೆ, ಒಳಪೊರೆ ತೆಳ್ಳಗಾಗುತ್ತಾ ಹೋಗುತ್ತದೆ. ಹೀಗೆ ತೆಳ್ಳಗಾದ ಪೊರೆಯ ಸಣ್ಣ ರಕ್ತನಾಳಗಳಿಗೆ ಗಟ್ಟಿತನ ಕಡಿಮೆ. ಇವತ್ತು ಒಂದು ಕಡೆ ಒಡೆದು ಒಂದಿಷ್ಟು ರಕ್ತ ಬರುತ್ತದೆ, ನಾಲ್ಕು ದಿನ ಬಿಟ್ಟು ಇನ್ನೊಂದು ಕಡೆ. ಪೊರೆ ಒಮ್ಮೆಲೇ ಕಳಚದೆ ಅಲ್ಲಲ್ಲಿ ಜಿನುಗುವುದರಿಂದ ಇದಕ್ಕೆ ತಿಥಿ-ತಾರೀಖು ಇರುವುದಿಲ್ಲ.

ಮೊದಲ ಎರಡು ಸೂಜಿಗಳ ಕಾಲ, ಅಂದರೆ ಸುಮಾರು ಆರು ತಿಂಗಳು, ಈ ಗೊಂದಲ ಹೆಚ್ಚು. ಕಲೆ ಕಾಣಬಹುದು, ಹದಿನೈದು-ಇಪ್ಪತ್ತು ದಿನ ಸಣ್ಣಗೆ ಜಿನುಗಬಹುದು, ಒಂದು ಸಲ ಮುಟ್ಟಿನ ಹಾಗೆಯೇ ಬಂದು ಹೋಗಬಹುದು. ಬರಬರುತ್ತ ಪೊರೆ ತೆಳುವಾಗಿಯೇ ನೆಲೆ ನಿಂತಾಗ ಜಿನುಗುವುದೂ ಕಡಿಮೆಯಾಗುತ್ತದೆ. ಒಂದು ವರ್ಷ ಬಿಡದೆ ಸೂಜಿ ತಗೊಂಡವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರಿಗೆ ಮುಟ್ಟು ಪೂರ್ತಿ ನಿಂತಿರುತ್ತದೆ.

ಇಲ್ಲಿ ಎರಡು ಭಯಗಳಿಗೆ ನೇರವಾಗಿ ಉತ್ತರ ಹೇಳಬೇಕು. ರಕ್ತ ಕಂಡರೆ ಸೂಜಿ ಕೆಲಸ ಮಾಡುತ್ತಿಲ್ಲ ಅಂತಲ್ಲ. ಸೂಜಿ ಸರಿಯಾದ ಹೊತ್ತಿಗೆ ಬಿದ್ದಿದ್ದರೆ, ಕಲೆ ಕಾಣುವ ದಿನವೂ ಬಸಿರಿನಿಂದ ಅಷ್ಟೇ ರಕ್ಷಣೆ ಇರುತ್ತದೆ. ಇನ್ನು, ಮುಟ್ಟು ನಿಂತರೆ "ಹೊಲಸು ರಕ್ತ ಹೊಟ್ಟ್ಯಾಗ ಗಂಟಾಗತದ" ಅನ್ನುವ ಮಾತು ನಮ್ಮ ಹಳ್ಳಿಗಳಲ್ಲಿ ಬಹಳ ಕೇಳುತ್ತದೆ. ಒಳಪೊರೆ ಬೆಳೆದಿರುವುದೇ ಇಲ್ಲವಾದ್ದರಿಂದ ಕಳಚಿ ಬೀಳುವುದಕ್ಕೆ ಏನೂ ಇರುವುದಿಲ್ಲ. ಒಳಗೆ ಯಾವ ರಕ್ತವೂ ಶೇಖರವಾಗುವುದಿಲ್ಲ, ತಲೆಗೂ ಏರುವುದಿಲ್ಲ.

ಹಂತ 1: ಸೂಜಿ ಬೀಳುವ ಮುಂಚೆಯೇ ನಿಮ್ಮ ಹಳೆಯ ಲೆಕ್ಕ ಹೇಳಿ

ಮುಂದೆ ಬರುವ ರಕ್ತ ಜಾಸ್ತಿಯೋ ಕಡಿಮೆಯೋ ಅಂತ ತೂಗಬೇಕಾದರೆ ನಿಮ್ಮ ಮೊದಲಿನ ಮುಟ್ಟು ಹೇಗಿತ್ತು ಅನ್ನುವುದು ಗೊತ್ತಿರಬೇಕು. ಎಷ್ಟು ದಿನ ಇರುತ್ತಿತ್ತು, ದಿನಕ್ಕೆ ಎಷ್ಟು ಪ್ಯಾಡ್ ಅಥವಾ ಬಟ್ಟೆ ಬದಲಿಸುತ್ತಿದ್ದಿರಿ, ಗಡ್ಡೆ ಬೀಳುತ್ತಿತ್ತೋ ಇಲ್ಲವೋ, ಇಷ್ಟನ್ನು ನೆನಪು ಮಾಡಿಕೊಂಡು ಹೋಗಿ. ಕಾರಣ ಗೊತ್ತಿಲ್ಲದ ರಕ್ತಸ್ರಾವ ಈಗಾಗಲೇ ಇದ್ದರೆ, ಉದಾಹರಣೆಗೆ ಗಂಡನ ಜತೆ ಕೂಡಿದ ಮೇಲೆ ರಕ್ತ ಕಾಣುತ್ತಿದ್ದರೆ ಅಥವಾ ಎರಡು ಮುಟ್ಟಿನ ನಡುವೆ ಬರುತ್ತಿದ್ದರೆ, ಅದನ್ನು ಮುಚ್ಚಿಡಬೇಡಿ. ಸೂಜಿ ಹಾಕಿದ ಮೇಲೆ ಎಲ್ಲ ರಕ್ತವೂ ಸೂಜಿಯ ಲೆಕ್ಕಕ್ಕೆ ಹೋಗುತ್ತದೆ, ಒಳಗಿನ ನಿಜವಾದ ರೋಗ ಮರೆಯಾಗಿ ಉಳಿಯುತ್ತದೆ. ಮೊದಲು ಪರೀಕ್ಷೆ, ಆಮೇಲೆ ಸೂಜಿ.

ಮುಟ್ಟು ಶುರುವಾದ ಏಳು ದಿನದ ಒಳಗೆ ಮೊದಲ ಸೂಜಿ ಬಿದ್ದರೆ ಅವತ್ತಿನಿಂದಲೇ ರಕ್ಷಣೆ. ಬೇರೆ ದಿನ ಹಾಕಿಸಿಕೊಂಡರೆ ಮುಂದಿನ ಏಳು ದಿನ ನಿರೋಧ್ ಬಳಸಬೇಕು. ಚುಚ್ಚಿದ ಜಾಗವನ್ನು ತಿಕ್ಕಬಾರದು, ಬಿಸಿ ಶಾಖವನ್ನೂ ಕೊಡಬಾರದು. ನೋವಿಗೆ ಒಳ್ಳೆಯದಾಗಲಿ ಅಂತ ತಾಯಂದಿರು ಬಿಸಿ ಬಟ್ಟೆ ಒತ್ತುವುದುಂಟು. ಹಾಗೆ ಮಾಡಿದರೆ ನಿಧಾನವಾಗಿ ಇಳಿಯಬೇಕಾದ ಔಷಧಿ ಬೇಗ ರಕ್ತಕ್ಕೆ ಸೇರಿ, ಮೂರು ತಿಂಗಳು ಬರಬೇಕಾದ್ದು ಬರದೆ ಹೋಗಬಹುದು.

ಹಂತ 2: ಗೋಡೆಯ ಕ್ಯಾಲೆಂಡರಿನಲ್ಲಿ ಮೂರು ಗುರುತು

ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತಿ ಮುಖ್ಯ ಕೆಲಸ ಇದು. ದವಾಖಾನೆಗೆ ಹೋಗಿ "ತಿಂಗಳಿಡೀ ಹೋಗ್ತದರಿ" ಅಂದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಹತ್ತೊಂಬತ್ತು ದಿನ ಬರೀ ಕಲೆ ಕಂಡವಳೂ ಹಾಗೇ ಹೇಳುತ್ತಾಳೆ, ಒಂಬತ್ತು ದಿನ ಧಾರಾಳ ಹೋದವಳೂ ಹಾಗೇ ಹೇಳುತ್ತಾಳೆ. ಇಬ್ಬರ ಸ್ಥಿತಿ ಬೇರೆ, ಇಬ್ಬರಿಗೂ ಬೇಕಾದ ಚಿಕಿತ್ಸೆ ಬೇರೆ.

ಮನೆಯಲ್ಲಿ ತೂಗು ಹಾಕಿದ ಕ್ಯಾಲೆಂಡರ್ ಸಾಕು. ಬಟ್ಟೆ ಹಾಕಬೇಕಾಗದಷ್ಟು ಬರೀ ಕಲೆ ಕಂಡ ದಿನ ತಾರೀಖಿನ ಪಕ್ಕ ಒಂದು ಚುಕ್ಕೆ ಇಡಿ. ನಿಮ್ಮ ಮಾಮೂಲು ಮುಟ್ಟಿನಷ್ಟು ಹೋದ ದಿನ ಒಂದು ಗೆರೆ ಎಳೆಯಿರಿ. ಮಾಮೂಲಿಗಿಂತ ಎರಡು ಪಟ್ಟು ಹೋಯಿತು ಅನ್ನಿಸಿದ ದಿನ ಅಡ್ಡಗೆರೆ ಸೇರಿಸಿ ಕತ್ತರಿ ಗುರುತು ಮಾಡಿ, ಪಕ್ಕದಲ್ಲಿ ಎಷ್ಟು ಬಟ್ಟೆ ಬದಲಿಸಿದಿರಿ ಅನ್ನುವ ಅಂಕಿ ಬರೆಯಿರಿ. ಏನೂ ಕಾಣದ ದಿನ ಖಾಲಿ ಬಿಡಿ. ಓದು-ಬರಹ ಇಲ್ಲದವರೂ ಈ ಗುರುತು ಹಾಕಬಲ್ಲರು. ಮನೆಯವರ ಕಣ್ಣಿಗೆ ಬೀಳಬಾರದು ಅನ್ನುವವರು ಅಂತರಾ ಕಾರ್ಡಿನ ಹಿಂಬದಿಯಲ್ಲೋ ಮಗುವಿನ ತಾಯಿ ಕಾರ್ಡಿನ ಒಳಗಿಟ್ಟ ಒಂದು ಚೀಟಿಯಲ್ಲೋ ಹಾಕಿಕೊಳ್ಳಬಹುದು.

ಅದೇ ಕ್ಯಾಲೆಂಡರಿನಲ್ಲಿ ಮುಂದಿನ ಸೂಜಿಯ ತಾರೀಖಿಗೂ ಸುತ್ತು ಹಾಕಿ. ಮೂರು ತಿಂಗಳಿಗೆ ಸರಿಯಾಗಿ ಬರುವ ದಿನ ಮುಖ್ಯ ದಿನ. ಅದಕ್ಕಿಂತ ಎರಡು ವಾರ ಮುಂಚೆಯೂ ಹಾಕಿಸಬಹುದು, ತಪ್ಪಿದರೆ ನಾಲ್ಕು ವಾರ ತಡವಾದರೂ ನಡೆಯುತ್ತದೆ. ಅದರಾಚೆ ಹೋದರೆ ಬಸಿರಿಲ್ಲ ಅಂತ ಖಾತ್ರಿ ಮಾಡಿಕೊಂಡೇ ಸೂಜಿ ಹಾಕುತ್ತಾರೆ, ಮತ್ತೆ ಏಳು ದಿನ ನಿರೋಧ್ ಬೇಕಾಗುತ್ತದೆ. ಸೂಜಿ ಹಾಕಿಸುವ ದಿನ ರಕ್ತ ಹೋಗುತ್ತಿದ್ದರೂ ಪರವಾಗಿಲ್ಲ. ಕಲೆ ನಿಲ್ಲಲಿ ಆಮೇಲೆ ಹೋದರಾಯಿತು ಅಂತ ಕಾಯುತ್ತ ಕೂತು ತಾರೀಖು ಮೀರಿಸಿಕೊಂಡವರು ಬಹಳ.

ಒಂದು ಲೆಕ್ಕ ಬಿಡಿಸಿ ನೋಡೋಣ

ಯಾದಗಿರಿ ಜಿಲ್ಲೆಯ ಶಹಾಪುರ ಕಡೆಯ ಹಳ್ಳಿಯ ಒಬ್ಬ ಹೆಣ್ಣುಮಗಳು ಅಂದುಕೊಳ್ಳಿ. ವಯಸ್ಸು 27, ಇಬ್ಬರು ಮಕ್ಕಳು, ಚಿಕ್ಕದಕ್ಕೆ ಒಂದೂವರೆ ವರ್ಷ. ಹತ್ತಿ ಬಿಡಿಸುವ, ತೊಗರಿ ಕೊಯ್ಯುವ ಕೂಲಿ. ಬೇಸಿಗೆಗೆ ಗಂಡನ ಜತೆ ಪುಣೆಗೆ ಕಟ್ಟಡದ ಕೆಲಸಕ್ಕೆ ಹೋಗುವುದು ರೂಢಿ. ಮೊದಲಿನ ಮುಟ್ಟು ಐದು ದಿನ, ದಿನಕ್ಕೆ ಮೂರು ಬಟ್ಟೆ. ಮುಟ್ಟಿನ ಮೂರನೇ ದಿನ, ಜನವರಿ 10ರಂದು, ಪಿಎಚ್‌ಸಿಯಲ್ಲಿ ಮೊದಲ ಸೂಜಿ ಬಿತ್ತು. ಕಾರ್ಡಿನಲ್ಲಿ ಮುಂದಿನ ತಾರೀಖು ಏಪ್ರಿಲ್ 10. ಬೇಗ ಅಂದರೆ ಮಾರ್ಚ್ 27, ತಡ ಅಂದರೆ ಮೇ 8.

ಮುಟ್ಟು ಎಂದಿನಂತೆ ಮುಗಿಯಿತು. ಜನವರಿ 28ಕ್ಕೆ ಕಲೆ ಶುರುವಾಗಿ ಫೆಬ್ರವರಿ 15ರ ತನಕ ಎಳೆಯಿತು. ಒಟ್ಟು ಹತ್ತೊಂಬತ್ತು ದಿನ, ಎಲ್ಲ ಬರೀ ಚುಕ್ಕೆ. ಎಣಿಸಿದರೆ ಹೆದರಿಕೆಯಾಗುವಷ್ಟು ದಿನ. ಆದರೆ ಕ್ಯಾಲೆಂಡರಿನಲ್ಲಿ ಒಂದೂ ಕತ್ತರಿ ಗುರುತಿಲ್ಲ, ಗೆರೆಯೂ ಇಲ್ಲ. ಹೊಟ್ಟೆನೋವಿಲ್ಲ, ವಾಸನೆಯಿಲ್ಲ, ಜ್ವರವಿಲ್ಲ. ಇದು ಮೊದಲ ತಿಂಗಳುಗಳ ಮಾಮೂಲಿ ಜಿನುಗು. ಆಶಾಗೆ ತೋರಿಸಿದರೆ ಸಾಕು. ಔಷಧಿಯ ಅಗತ್ಯ ಬೀಳುವುದಿಲ್ಲ.

ಆಮೇಲೆ ಎರಡು ವಾರ ಖಾಲಿ. ಮಾರ್ಚ್ 4ಕ್ಕೆ ರಕ್ತ ಮುಟ್ಟಿನಂತೆ ಶುರುವಾಯಿತು. ಐದು ದಿನಕ್ಕೆ ನಿಲ್ಲಬೇಕಾದ್ದು ನಿಲ್ಲಲಿಲ್ಲ. ದಿನಕ್ಕೆ ನಾಲ್ಕು ಬಟ್ಟೆ ಹಾಗೇ ಮುಂದುವರಿಯಿತು. ಇಲ್ಲಿ ಗಡಿ ನೆನಪಿಡಿ: ಎಂಟು ದಿನ ದಾಟಿ ಮುಟ್ಟಿನಂತೆ ಹೋದರೆ, ಇಲ್ಲವೇ ನಿಮ್ಮ ಮಾಮೂಲಿಗಿಂತ ಎರಡು ಪಟ್ಟು ಹೋದರೆ, ಅದು ಮನೆಯಲ್ಲಿ ಕೂತು ನೋಡುವ ರಕ್ತಸ್ರಾವವಲ್ಲ. ಒಂಬತ್ತನೇ ದಿನ, ಮಾರ್ಚ್ 12ಕ್ಕೆ, ಆಕೆ ಪಿಎಚ್‌ಸಿಗೆ ಹೋದಳು.

ಅಲ್ಲಿ ಆಗಬೇಕಾದ್ದು ಇಷ್ಟು. ಮೂತ್ರದ ಬಸಿರು ಪರೀಕ್ಷೆ, ಅದು ಇಲ್ಲ ಎಂದು ಬಂತು. ರಕ್ತದ ಅಂಶ ನೋಡಿದಾಗ 10.2 ಗ್ರಾಂ, ಬಸಿರಿಲ್ಲದ ಹೆಣ್ಣುಮಗಳಿಗೆ 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. ಗರ್ಭಚೀಲದ ಬಾಯಿಯಲ್ಲಿ ಹುಣ್ಣು, ಸೋಂಕು ಇದೆಯೇ ಅಂತ ಒಳಗಿನ ಪರೀಕ್ಷೆ. ಏನೂ ಕಾಣದಿದ್ದಾಗ ಡಾಕ್ಟರು ಮೆಫೆನಾಮಿಕ್ ಆಸಿಡ್ 500 ಮಿಲಿಗ್ರಾಂ ಗುಳಿಗೆಯನ್ನು ಊಟವಾದ ಮೇಲೆ ದಿನಕ್ಕೆ ಎರಡು ಸಲ, ಐದು ದಿನಕ್ಕೆ ಬರೆದರು. ಜತೆಗೆ ಕಬ್ಬಿಣಾಂಶದ ಗುಳಿಗೆ. ಎರಡು ದಿನದಲ್ಲಿ ರಕ್ತ ಕಡಿಮೆಯಾಗಿ ನಿಂತಿತು. ಇಷ್ಟಕ್ಕೆ ನಿಲ್ಲದಿದ್ದರೆ ಈಸ್ಟ್ರೋಜನ್ ಇರುವ ಗರ್ಭನಿರೋಧಕ ಗುಳಿಗೆಯನ್ನು ದಿನಕ್ಕೊಂದರಂತೆ 21 ದಿನ ಕೊಡುವುದು ಮುಂದಿನ ದಾರಿ. ತೆಳುವಾದ ಪೊರೆಗೆ ಅದು ಸ್ವಲ್ಪ ಬಲ ಕೊಡುತ್ತದೆ. ಬಿಪಿ ಜಾಸ್ತಿ ಇರುವವರಿಗೆ, ಆರು ತಿಂಗಳೊಳಗಿನ ಕೂಸಿಗೆ ಮೊಲೆಹಾಲು ಕೊಡುವವರಿಗೆ, ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇರುವವರಿಗೆ ಈ ದಾರಿ ಸಲ್ಲುವುದಿಲ್ಲ. ಹೊಟ್ಟೆಹುಣ್ಣು ಅಥವಾ ಕಿಡ್ನಿ ತೊಂದರೆ ಇದ್ದವರಿಗೆ ಮೆಫೆನಾಮಿಕ್ ಕೂಡ ಸಲ್ಲುವುದಿಲ್ಲ. ಆದ್ದರಿಂದ ಈ ಗುಳಿಗೆಗಳ ಹೆಸರು ಓದಿಕೊಂಡು ನೇರ ಮೆಡಿಕಲ್ ಅಂಗಡಿಗೆ ಹೋಗಬೇಡಿ. ಡಾಕ್ಟರಿಗೆ ನಿಮ್ಮ ಬೇರೆ ಕಾಯಿಲೆಗಳನ್ನು ಹೇಳಿ, ಅವರು ಬರೆದದ್ದನ್ನು ತಗೊಳ್ಳಿ. ಇವು ಅವತ್ತಿನ ರಕ್ತವನ್ನು ಇಳಿಸುತ್ತವೆ, ಇನ್ನೆಂದೂ ಕಾಣದಂತೆ ಮಾಡುವುದಿಲ್ಲ ಅನ್ನುವುದೂ ತಿಳಿದಿರಲಿ.

ಪುಣೆಗೆ ಹೊರಡುವುದು ಏಪ್ರಿಲ್ ಮೊದಲ ವಾರ ಅಂತ ಗೊತ್ತಿದ್ದರಿಂದ ಆಕೆ ಮಾರ್ಚ್ 28ರಂದೇ ಎರಡನೇ ಸೂಜಿ ಹಾಕಿಸಿಕೊಂಡಳು. ಎರಡು ವಾರದ ಸಲಿಗೆ ಇರುವುದು ಇಂಥದ್ದಕ್ಕೇ. ಏಪ್ರಿಲ್‌ನಲ್ಲಿ ಆರು ಚುಕ್ಕೆ, ಮೇ ತಿಂಗಳಲ್ಲಿ ನಾಲ್ಕು, ಜೂನ್ ಖಾಲಿ. ಮೂರನೇ ಸೂಜಿಯ ದಿನ ಜೂನ್ 28. ಮಳೆಗಾಲಕ್ಕೆ ಊರಿಗೆ ಬಂದು ಹಾಕಿಸಿಕೊಂಡಳು. ಜುಲೈನಲ್ಲೂ ಏನೂ ಕಾಣಲಿಲ್ಲ, ಆಗ ಬಸಿರಿನ ಭಯ ಹತ್ತಿತು. ಸೂಜಿಗಳೆಲ್ಲ ವೇಳೆಗೆ ಬಿದ್ದಿದ್ದರಿಂದ ಬಸಿರಿನ ಸಾಧ್ಯತೆ ತೀರಾ ಕಡಿಮೆ. ಆದರೂ ಮನಸ್ಸಿನ ಸಮಾಧಾನಕ್ಕೆ ಆಶಾ ಹತ್ತಿರ ಸಿಗುವ ನಿಶ್ಚಯ್ ಕಿಟ್‌ನಲ್ಲಿ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದೇ. ಬೆಳಗಿನ ಮೊದಲ ಮೂತ್ರದಲ್ಲಿ ನೋಡಿದರೆ ಫಲಿತಾಂಶ ಹೆಚ್ಚು ಖಚಿತ.

ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರು ಎಲ್ಲಿಗೆ ದುಡಿಯಲು ಹೋದರೂ ಅಂತರಾ ಕಾರ್ಡನ್ನು ಆಧಾರ್ ಜತೆಗೇ ಕಟ್ಟಿಕೊಂಡು ಹೋಗಿ. ಇದು ದೇಶದ ಕಾರ್ಯಕ್ರಮ. ಕಾರ್ಡಿನಲ್ಲಿ ತಾರೀಖು ಇದ್ದರೆ ಅಲ್ಲಿನ ಸರ್ಕಾರಿ ಆಸ್ಪತ್ರೆಯವರಿಗೆ ಮುಂದಿನ ಸೂಜಿ ಯಾವಾಗ ಅಂತ ಭಾಷೆ ಬಾರದಿದ್ದರೂ ತಿಳಿಯುತ್ತದೆ.

ಹಂತ 3: ಯಾವುದಕ್ಕೆ ಕಾಯಬಾರದು

ಒಂದು ತಾಸಿಗೆ ಒಂದು ಪ್ಯಾಡ್ ಅಥವಾ ಮಡಚಿದ ಬಟ್ಟೆ ಪೂರ್ತಿ ತೊಯ್ದು, ಹೀಗೆ ಎರಡು ತಾಸು ಮುಂದುವರಿದರೆ ಅವತ್ತೇ ಹೊರಡಿ. ನಿಂಬೆಹಣ್ಣಿನ ಗಾತ್ರದ ಗಡ್ಡೆ ಬಿದ್ದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ, ನಾಲ್ಕು ಹೆಜ್ಜೆಗೆ ಉಸಿರು ಹತ್ತಿದರೆ, ಎದೆ ಬಡಿದುಕೊಂಡರೆ 108ಕ್ಕೆ ಫೋನ್ ಮಾಡಿ. ಹತ್ತಿರದ ತಾಲೂಕು ಆಸ್ಪತ್ರೆಯಲ್ಲಿ ಆಗದಿದ್ದರೆ ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಆಸ್ಪತ್ರೆಗೆ ಕಳಿಸುತ್ತಾರೆ.

ಹೊಟ್ಟೆಯ ಕೆಳಗೆ ಒಂದೇ ಬದಿಗೆ ತಡೆಯಲಾರದ ನೋವು ಬಂದು ಜತೆಗೆ ರಕ್ತ ಕಾಣುವುದು ಗರ್ಭನಾಳದಲ್ಲಿ ನಿಂತ ಬಸಿರಿನ ಲಕ್ಷಣ ಇರಬಹುದು. ಸೂಜಿ ತಗೊಂಡವರಲ್ಲಿ ಇದು ಬಹಳ ಅಪರೂಪ, ಆದರೆ ಜೀವಕ್ಕೆ ಕುತ್ತು. ಜ್ವರ, ಕೆಟ್ಟ ವಾಸನೆಯ ಸ್ರಾವ ಇದ್ದರೆ ಸೋಂಕು.

ಇನ್ನೊಂದು ಗುಂಪು ಇದೆ, ಅದರಲ್ಲಿ ಅವಸರ ಕಾಣುವುದಿಲ್ಲವಾದ್ದರಿಂದ ತಪ್ಪಿಹೋಗುತ್ತದೆ. ಗಂಡನ ಜತೆ ಕೂಡಿದ ಮೇಲೆ ಪ್ರತಿ ಸಲ ರಕ್ತ ಕಾಣುವುದು. ಹಲವು ತಿಂಗಳು ಮುಟ್ಟು ನಿಂತು ಆರಾಮಾಗಿದ್ದು, ಸೂಜಿಯೂ ವೇಳೆಗೆ ಬಿದ್ದು, ಇದ್ದಕ್ಕಿದ್ದಂತೆ ಮತ್ತೆ ರಕ್ತ ಶುರುವಾಗುವುದು. ಇವೆರಡನ್ನೂ "ಸೂಜಿಯದ್ದೇ ಇರಬೇಕು" ಅಂತ ಬಿಡಬಾರದು. ಮೊದಲ ಆರು ತಿಂಗಳ ಜಿನುಗಿಗೆ ಕೊಡುವ ಸಮಾಧಾನದ ಮಾತು ಇಲ್ಲಿಗೆ ಅನ್ವಯಿಸುವುದಿಲ್ಲ. ಗರ್ಭಚೀಲದ ಬಾಯಿಯನ್ನು ಕಣ್ಣಿಟ್ಟು ನೋಡಿಯೇ ಆಗಬೇಕು.

ಹಂತ 4: ರಕ್ತ ಹೋಗುವ ದಿನಗಳಲ್ಲಿ ಮನೆಯ ಕೆಲಸ, ದೇವರ ಕೆಲಸ

ಇದನ್ನು ಯಾವ ಆರೋಗ್ಯ ಕರಪತ್ರವೂ ಬರೆಯುವುದಿಲ್ಲ, ಆದರೆ ನಮ್ಮ ಕಡೆ ಸೂಜಿ ಬಿಡುವುದಕ್ಕೆ ಇದೇ ನಿಜವಾದ ಕಾರಣ ಇರುತ್ತದೆ. ಹೊರಗಾದವಳು ಅಡುಗೆಮನೆಗೆ ಬರಬಾರದು ಅನ್ನುವ ಮನೆಯಲ್ಲಿ ಹತ್ತೊಂಬತ್ತು ದಿನ ಕಲೆ ಕಂಡರೆ ರೊಟ್ಟಿ ಬಡಿಯುವವರು ಯಾರು? ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆ ಬಂತು, ಶರಣಬಸವೇಶ್ವರರ ರಥೋತ್ಸವ ಬಂತು, ಹೋಗುವುದು ಹೇಗೆ? ರಂಜಾನ್‌ನಲ್ಲಿ ರೋಜಾ, ನಮಾಜು ಏನು ಮಾಡುವುದು? ಅತ್ತೆ ಎರಡು ದಿನ ಸುಮ್ಮನಿರುತ್ತಾಳೆ, ಮೂರನೇ ದಿನ "ಆ ಸೂಜಿ ಬಿಡು" ಅನ್ನುತ್ತಾಳೆ.

ವೈದ್ಯಶಾಸ್ತ್ರದ ಕಡೆಯಿಂದ ಹೇಳುವುದಾದರೆ ಈ ಜಿನುಗು ತಿಂಗಳ ಮುಟ್ಟಲ್ಲ. ತತ್ತಿ ಬಿಡುಗಡೆಯಾಗಿಲ್ಲ, ಪೊರೆ ಬೆಳೆದು ಕಳಚಿಲ್ಲ. ಔಷಧಿಯಿಂದ ತೆಳುವಾದ ಪೊರೆಯ ನಾಳ ಒಡೆದು ಬರುವ ರಕ್ತ. ಈ ಮಾತನ್ನು ಅತ್ತೆಗೆ ಸೊಸೆಯೇ ಹೇಳಿದರೆ ನಡೆಯುವುದಿಲ್ಲ. ಸಿಸ್ಟರ್ ಅಥವಾ ಆಶಾ ಬಂದು, ಅತ್ತೆಯನ್ನೂ ಕೂರಿಸಿಕೊಂಡು ಹೇಳಬೇಕು. ಸಾಧ್ಯವಾದರೆ ಮೊದಲ ಸೂಜಿಗಿಂತ ಮುಂಚೆಯೇ ಹೇಳಬೇಕು. ಆಮೇಲೆ ಹೇಳಿದರೆ ನೆಪದಂತೆ ಕೇಳುತ್ತದೆ. ಪೂಜೆ, ನಮಾಜಿನ ವಿಷಯದಲ್ಲಿ ಇದನ್ನು ಹೇಗೆ ತಗೊಳ್ಳಬೇಕು ಅಂತ ತಮ್ಮ ಹಿರಿಯರನ್ನು, ಧರ್ಮ ತಿಳಿದವರನ್ನು ಕೇಳುವವರು ಈ ವ್ಯತ್ಯಾಸವನ್ನು ಬಿಡಿಸಿ ಹೇಳಿಯೇ ಕೇಳಲಿ.

ಜಾತ್ರೆ, ಮದುವೆ ಬಂತು ಅಂತ ಮುಟ್ಟು ಮುಂದೂಡುವ ಗುಳಿಗೆ ತಂದು ನುಂಗುವ ರೂಢಿಯೂ ಇದೆ. ಸೂಜಿ ತಗೊಂಡವರಿಗೆ ಅದು ತಕ್ಕ ಮದ್ದಲ್ಲ. ಆ ಗುಳಿಗೆಯಲ್ಲಿರುವುದೂ ಪ್ರೊಜೆಸ್ಟರಾನ್ ಜಾತಿಯ ಹಾರ್ಮೋನೇ, ಸೂಜಿಯಲ್ಲಿ ಅದು ಈಗಾಗಲೇ ಸಾಕಷ್ಟು ಇದೆ. ಮುಖ್ಯವಾದ ಕಾರ್ಯಕ್ರಮ ಇದ್ದರೆ ಹದಿನೈದು ದಿನ ಮುಂಚೆ ಡಾಕ್ಟರಿಗೆ ಹೇಳಿ.

ಊಟದ ವಿಷಯ ಚಿಕ್ಕದು. ಪುಂಡಿ ಪಲ್ಯ, ಮೆಂತ್ಯ, ತೊಗರಿ ಬೇಳೆ, ಸಜ್ಜಿ ರೊಟ್ಟಿ ಎಲ್ಲ ಒಳ್ಳೆಯವೇ, ಆದರೆ ರಕ್ತ 10ಕ್ಕೆ ಇಳಿದ ಮೇಲೆ ಬರೀ ಊಟದಿಂದ ಮೇಲೇರುವುದು ನಿಧಾನ. ಕಬ್ಬಿಣಾಂಶದ ಗುಳಿಗೆ ಬೇಕು. ಅದನ್ನು ಚಹಾದ ಜತೆ ನುಂಗಿದರೆ ಮೈಗೆ ಹತ್ತುವುದಿಲ್ಲ. ಚಹಾಕ್ಕೂ ಗುಳಿಗೆಗೂ ನಡುವೆ ಕನಿಷ್ಠ ಒಂದು ತಾಸು ಬಿಡಿ, ನಿಂಬೆಹುಳಿ ಹಿಂಡಿದ ನೀರಿನ ಜತೆ ತಗೊಂಡರೆ ಇನ್ನೂ ಒಳ್ಳೆಯದು. ಮಲ ಕಪ್ಪಗಾಗುವುದು ಗುಳಿಗೆಯಿಂದ, ಹೆದರಬೇಡಿ.

ಗುಳಿಗೆ ತಗೊಳ್ಳುವವರಿಗೆ

ಮಾಲಾ-ಎನ್ ಗುಳಿಗೆಯ ಕಥೆ ಬೇರೆ. ಅದರಲ್ಲಿ ಎರಡು ಹಾರ್ಮೋನು ಇವೆ. ಒಂದು ಚೀಟಿಯಲ್ಲಿ 28 ಗುಳಿಗೆ, 21 ಹಾರ್ಮೋನಿನವು, ಉಳಿದ 7 ಬೇರೆ ಬಣ್ಣದ ಕಬ್ಬಿಣಾಂಶದವು. ಕಬ್ಬಿಣಾಂಶದ ಗುಳಿಗೆ ನುಂಗುವ ವಾರದಲ್ಲಿ ಮುಟ್ಟಿನಂತೆ ರಕ್ತ ಬರುತ್ತದೆ. ಮೊದಲ ಮೂರು ಚೀಟಿ ಮುಗಿಯುವ ತನಕ ನಡುನಡುವೆ ಕಲೆ ಕಾಣುವುದು ಸಾಮಾನ್ಯ. ಆಮೇಲೆ ಬಹಳಷ್ಟು ಜನರಿಗೆ ತಾನೇ ನಿಲ್ಲುತ್ತದೆ. ಕಲೆ ಕಂಡಿತು ಅಂತ ಚೀಟಿಯ ನಡುವೆ ಗುಳಿಗೆ ನಿಲ್ಲಿಸಬಾರದು. ನಿಲ್ಲಿಸಿದರೆ ಹಾರ್ಮೋನು ಇಳಿದು ರಕ್ತ ಇನ್ನೂ ಹೆಚ್ಚಾಗುತ್ತದೆ, ರಕ್ಷಣೆಯೂ ಹೋಗುತ್ತದೆ.

ಸೂಜಿಗೂ ಗುಳಿಗೆಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಸೂಜಿಯಲ್ಲಿ ಕಲೆ ಕಂಡರೆ ನಿಮ್ಮ ತಪ್ಪೇನೂ ಇರುವುದಿಲ್ಲ. ಗುಳಿಗೆಯಲ್ಲಿ ಕಲೆ ಕಂಡರೆ ಮೊದಲು ಚೀಟಿ ತೆಗೆದು ಎಣಿಸಿ, ಯಾವುದಾದರೂ ತಪ್ಪಿದೆಯೇ ನೋಡಿ. ಒಂದೋ ಎರಡೋ ತಪ್ಪಿದ್ದರೆ ನೆನಪಾದ ಕೂಡಲೇ ಒಂದು ನುಂಗಿ, ಮುಂದಿನದನ್ನು ಅದರ ವೇಳೆಗೆ ನುಂಗಿ. ಮೂರು ಅಥವಾ ಹೆಚ್ಚು ತಪ್ಪಿದ್ದರೆ ಗುಳಿಗೆ ಮುಂದುವರಿಸುವುದರ ಜತೆ ಏಳು ದಿನ ನಿರೋಧ್ ಬೇಕು. ಇದು ಮೂರನೇ ವಾರದಲ್ಲಿ ಆಗಿದ್ದರೆ ಕಬ್ಬಿಣಾಂಶದ ಗುಳಿಗೆ ಬಿಟ್ಟು ನೇರ ಹೊಸ ಚೀಟಿ ಶುರುಮಾಡಿ. ವಾಂತಿ-ಭೇದಿ ಆದಾಗಲೂ ಗುಳಿಗೆ ಒಳಗೆ ಸೇರದೆ ಕಲೆ ಕಾಣುತ್ತದೆ. ಟಿಬಿಗೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗದ ಫೆನಿಟಾಯಿನ್, ಕಾರ್ಬಮಜೆಪೀನ್ ಈ ಗುಳಿಗೆಯ ಬಲ ಇಳಿಸುತ್ತವೆ. ಇಂಥ ಮಾತ್ರೆ ಶುರುವಾದ ಮೇಲೆ ಕಲೆ ಕಂಡರೆ ಅದನ್ನು ಎಚ್ಚರಿಕೆ ಅಂತಲೇ ತಿಳಿದು ಡಾಕ್ಟರನ್ನು ಕೇಳಿ. ಎರಡು ಚೀಟಿಗಳ ಕೊನೆಯ ವಾರದಲ್ಲೂ ರಕ್ತ ಬರದಿದ್ದರೆ ಬಸಿರು ಪರೀಕ್ಷೆ ಮಾಡಿಸಿ.

ಮೈಗೆ ಅಂಟಿಸುವ ಪ್ಯಾಚ್ ನಮ್ಮ ಸರ್ಕಾರಿ ಸರಬರಾಜಿನಲ್ಲಿ ಇಲ್ಲ. ಹೊರದೇಶದಿಂದ ತಂದುಕೊಂಡು ಬಳಸುವವರು ಯಾರಾದರೂ ಇದ್ದರೆ, ಅದರಲ್ಲೂ ಎರಡು ಹಾರ್ಮೋನು ಇರುವುದರಿಂದ ಗುಳಿಗೆಯಂತೆಯೇ ಮೊದಲ ಮೂರು ತಿಂಗಳು ಕಲೆ ಕಾಣಬಹುದು. ವಾರಕ್ಕೊಂದರಂತೆ ಮೂರು ವಾರ ಅಂಟಿಸಿ ನಾಲ್ಕನೇ ವಾರ ಬಿಡುವುದು ಕ್ರಮ. ಬೆವರಿಗೆ ಅಂಚು ಎದ್ದು ಬಂದಿದೆಯೇ ಅಂತ ದಿನವೂ ಮುಟ್ಟಿ ನೋಡಬೇಕು, ನಮ್ಮ ಬಿಸಿಲಿನಲ್ಲಂತೂ.

ಸೂಜಿ ಸಾಕು ಅನ್ನಿಸಿದರೆ

ಎರಡು ಸೂಜಿ ಆದ ಮೇಲೂ ರಕ್ತದ ಕಾಟ ತಡೆಯಲಾಗದಿದ್ದರೆ ಬಿಡುವ ಹಕ್ಕು ನಿಮ್ಮದು. ಇನ್ನೊಂದಿಷ್ಟು ತಡಕೋ ಅಂತ ಯಾರೂ ಒತ್ತಾಯ ಮಾಡಬಾರದು. ಆದರೆ ಸುಮ್ಮನೆ ತಾರೀಖು ದಾಟಿಸಿ ಬಿಡಬೇಡಿ. ಸೂಜಿಯ ತಾರೀಖಿನ ದಿನವೇ ದವಾಖಾನೆಗೆ ಹೋಗಿ, ಇದರ ಬದಲಿಗೆ ಬೇರೇನು ಅಂತ ಕೇಳಿ. ಕಾಪರ್-ಟಿ ಅವತ್ತೇ ಹಾಕಬಹುದು, ಆದರೆ ಅದರಲ್ಲಿ ಮುಟ್ಟು ಮೊದಲಿಗಿಂತ ಸ್ವಲ್ಪ ಹೆಚ್ಚು ಹೋಗುವುದುಂಟು, ರಕ್ತಹೀನತೆ ಇದ್ದವರು ಡಾಕ್ಟರ ಜತೆ ಮಾತಾಡಿಯೇ ಆರಿಸಲಿ. ಮಾಲಾ-ಎನ್ ಆಗಬಹುದು. ಹಾರ್ಮೋನು ಇಲ್ಲದ ಛಾಯಾ ಗುಳಿಗೆಯನ್ನು ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದರಂತೆ ನುಂಗಬೇಕು. ಅದರಲ್ಲಿ ಮುಟ್ಟು ತಡವಾಗಿ ಬರುವುದು ಸಾಮಾನ್ಯ.

ಬಿಟ್ಟ ಕೂಡಲೇ ಮುಟ್ಟು ಹಳಿಗೆ ಬರುತ್ತದೆ ಅಂತ ಕಾಯಬೇಡಿ. ಒಮ್ಮೆ ಒಳಹೋದ ಔಷಧಿಯನ್ನು ಹಿಂದೆ ತೆಗೆಯಲಾಗುವುದಿಲ್ಲ, ಹಲವು ತಿಂಗಳು ಲೆಕ್ಕ ಏರುಪೇರಾಗಿಯೇ ಇರುತ್ತದೆ. ಮತ್ತೆ ಬಸಿರು ನಿಲ್ಲುವುದಕ್ಕೆ ಸಾಮಾನ್ಯವಾಗಿ ಕೊನೆಯ ಸೂಜಿಯ ದಿನದಿಂದ 7ರಿಂದ 10 ತಿಂಗಳು ಬೇಕಾಗುತ್ತದೆ. ಕೆಲವರಿಗೆ ಅದಕ್ಕಿಂತ ಬಹಳ ಬೇಗ ನಿಲ್ಲಬಹುದು. ಅದಕ್ಕೇ ಮಗು ಬೇಡದವರು ಮುಟ್ಟು ಬರಲಿ ಅಂತ ದಾರಿ ನೋಡದೆ ಆ ದಿನದಿಂದಲೇ ಬೇರೆ ಸಾಧನ ಹಿಡಿಯಬೇಕು. ಮುಂದಿನ ವರ್ಷ ಮಗು ಬೇಕು ಅನ್ನುವವರು ಈ ಹತ್ತು ತಿಂಗಳನ್ನು ಲೆಕ್ಕ ಹಾಕಿಯೇ ಕೊನೆಯ ಸೂಜಿ ಯಾವುದು ಅಂತ ತೀರ್ಮಾನಿಸಬೇಕು.